ಸೋಲ್ಡರಿಂಗ್ ಕಾರ್ಯಾಗಾರಕ್ಕೆ ನಾನು ಮಾಡಿದ ಬಜೆಟ್ ಪಟ್ಟಿ: 48 ಜನ, 12 ಟೇಬಲ್, 18,000 ರೂಪಾಯಿ

ಹಾಸನದ ಕಡೆ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಕ್ಲಬ್‌ನ ಕಾರ್ಯದರ್ಶಿಯಾಗಿದ್ದಾಗ ಜೂನಿಯರ್‌ಗಳಿಗೆ ಒಂದು ದಿನದ ಸೋಲ್ಡರಿಂಗ್ ಕಾರ್ಯಾಗಾರ ಮಾಡಿದ್ದೆವು. ಅದಕ್ಕೆ ಕಾಲೇಜಿನಿಂದ ದುಡ್ಡು ಕೇಳಿ ಕೊಡುವ ಪ್ರಪೋಸಲ್‌ನ ಮೊದಲ ಎರಡು ಪುಟ (ಉದ್ದೇಶ, ಪ್ರಯೋಜನ, ವೇಳಾಪಟ್ಟಿ) ಯಾರೂ ಸರಿಯಾಗಿ ಓದುವುದಿಲ್ಲ. ಎಲ್ಲರೂ ನೇರ ಮೂರನೇ ಪುಟಕ್ಕೆ ಹೋಗುತ್ತಾರೆ. ಅಲ್ಲಿರುವುದು ಬಜೆಟ್ ಪಟ್ಟಿ. ಆ ಪಟ್ಟಿ ಹೇಗೆ ಮಾಡಿದೆ, ಎಲ್ಲಿ ಪ್ರಶ್ನೆ ಬಂತು, ಕೇಳಿದ್ದಕ್ಕಿಂತ ಕಡಿಮೆ ದುಡ್ಡು ಸಿಕ್ಕಾಗ ಏನು ಮಾಡಿದೆ ಅನ್ನುವುದಷ್ಟನ್ನೇ ಇಲ್ಲಿ ಬರೆಯುತ್ತೇನೆ. ದರಗಳು ನಮಗೆ ಆಗ ಸಿಕ್ಕ ಕೊಟೇಶನ್‌ನವು. ನಿಮ್ಮ ಊರಲ್ಲಿ ಬೇರೆ ಇರುತ್ತವೆ.

ಮೊದಲು ಜಸ್ಟಿಫಿಕೇಶನ್ ಕಾಲಂ ಬಗ್ಗೆ. ಹಿಂದಿನ ವರ್ಷಗಳ ಪ್ರಪೋಸಲ್ ತೆಗೆದು ನೋಡಿದರೆ ಆ ಕಾಲಂನಲ್ಲಿ ಒಂದೇ ಮಾತು ಮೇಲಿಂದ ಕೆಳಗಿನ ತನಕ: ‘ಕಾರ್ಯಾಗಾರಕ್ಕೆ ಅಗತ್ಯ’, ‘ಊಟಕ್ಕೆ ಅಗತ್ಯ’, ‘ಪ್ರಚಾರಕ್ಕೆ ಅಗತ್ಯ’. ಸೋಲ್ಡರಿಂಗ್ ಕಲಿಸಲು ಸೋಲ್ಡರಿಂಗ್ ಐರನ್ ಬೇಕು ಅಂತ ಎಲೆಕ್ಟ್ರಾನಿಕ್ಸ್ ಎಚ್‌ಒಡಿಗೆ ನಾವು ಹೇಳಿಕೊಡಬೇಕಾ? ಅವರ ಪ್ರಶ್ನೆ ಅದಲ್ಲ. 15 ಯಾಕೆ, 10 ಯಾಕೆ ಸಾಲದು? 260 ರೂಪಾಯಿ ಯಾಕೆ, 150ಕ್ಕೂ ಸಿಗುತ್ತದಲ್ಲ? ಈ ಎರಡಕ್ಕೆ ಉತ್ತರ ಆ ಕಾಲಂನಲ್ಲಿ ಇದ್ದರೆ ಸಹಿ ಬೇಗ ಬೀಳುತ್ತದೆ. ಹಾಗಾಗಿ ನಾನು ಒಂದು ನಿಯಮ ಇಟ್ಟುಕೊಂಡೆ: ಜಸ್ಟಿಫಿಕೇಶನ್‌ನಲ್ಲಿ ಮೊದಲು ಸಂಖ್ಯೆಗೆ ಕಾರಣ, ಆಮೇಲೆ ದರಕ್ಕೆ ಕಾರಣ. ‘ಇದು ಬೇಕು’ ಅನ್ನುವ ಮಾತು, ವಸ್ತುವಿನ ಹೆಸರು ನೋಡಿದಾಗ ಗೊತ್ತಾಗದಿದ್ದರೆ ಮಾತ್ರ.

ಆದರೆ ಜಸ್ಟಿಫಿಕೇಶನ್ ಬರೆಯುವ ಮುಂಚೆ ಸಂಖ್ಯೆ ಎಲ್ಲಿಂದ ಬಂತು ಅಂತ ನಮಗೇ ಗೊತ್ತಿರಬೇಕು. ‘ಸುಮಾರು 60 ಜನ ಬರಬಹುದು’ ಅಂತ ಶುರು ಮಾಡಿದರೆ ಎಲ್ಲವೂ ಸುಮಾರೇ ಆಗುತ್ತದೆ. ನಾನು ಲ್ಯಾಬ್‌ನಿಂದ ಶುರು ಮಾಡಿದೆ. ನಮ್ಮ ಲ್ಯಾಬ್‌ನಲ್ಲಿ ಪ್ಲಗ್ ಪಾಯಿಂಟ್ ಸರಿಯಿರುವ ಟೇಬಲ್ 12. ಒಂದು ಟೇಬಲ್‌ಗೆ ನಾಲ್ಕು ಜನ ಕೂರಬಹುದು. ಇಬ್ಬರಿಗೆ ಒಂದು ಐರನ್ ಸಾಕು, ಯಾಕೆಂದರೆ ಒಬ್ಬ ಬೆಸುಗೆ ಹಾಕುವಾಗ ಇನ್ನೊಬ್ಬ ಬಿಡಿಭಾಗ ಕೂರಿಸಿ ಕಾಲು ಬಗ್ಗಿಸುತ್ತಾ ಇರುತ್ತಾನೆ. ಅಲ್ಲಿಗೆ 48 ವಿದ್ಯಾರ್ಥಿಗಳು, 24 ಐರನ್. ಇವರ ಜೊತೆ ಆರು ಜನ ಸ್ವಯಂಸೇವಕರು, ಒಬ್ಬರು ಅತಿಥಿ, ಇಬ್ಬರು ಲೆಕ್ಚರರ್, ಒಬ್ಬರು ಲ್ಯಾಬ್ ಅಸಿಸ್ಟೆಂಟ್. ಒಟ್ಟು 58 ಜನ. ಪಟ್ಟಿಯಲ್ಲಿರುವ ಬಹುತೇಕ ಸಂಖ್ಯೆಗಳು 12, 48, 58 ಈ ಮೂರರಿಂದ ಹುಟ್ಟಿದವು, ಈ ಮೂರೂ ಮತ್ತೆ ಆ 12 ಟೇಬಲ್‌ನಿಂದ.

ಅದನ್ನೇ ಸ್ಪ್ರೆಡ್‌ಶೀಟ್‌ನಲ್ಲೂ ಹಾಕಿದೆ. ಸಂಖ್ಯೆ ಕಾಲಂನಲ್ಲಿ 53, 15, 116 ಅಂತ ಕೈಯಲ್ಲಿ ಟೈಪ್ ಮಾಡಲಿಲ್ಲ. ಹಾಳೆಯ ಮೇಲ್ಗಡೆ ಮೂರು ಕೋಶ, ಉಳಿದದ್ದೆಲ್ಲ ಅದರಿಂದ:

```
B1: 12
B2: =B1*4
B3: =B2+10

ಕಿಟ್:    =ROUNDUP(B2*1.1,0)
ಐರನ್:   =B1*2-10+1
ಸೋಲ್ಡರ್: =ROUNDUP(B2*5/50,0)
ಪಂಪ್:    =ROUNDUP(B1/2,0)
ಟೀ:     =B3*2
```

ಇದರ ಪ್ರಯೋಜನ ಆಮೇಲೆ ಹೇಳುತ್ತೇನೆ. ಮೊದಲು ಪಟ್ಟಿ ನೋಡಿ. ನಾನು ಕೊಟ್ಟ ಮೊದಲ ಪಟ್ಟಿ ಇದು:

| ವಸ್ತು | ದರ (ರೂ.) | ಸಂಖ್ಯೆ | ಮೊತ್ತ (ರೂ.) | ಜಸ್ಟಿಫಿಕೇಶನ್ |
|---|---|---|---|---|
| 555 ಟೈಮರ್ ಕಿಟ್ | 72 | 53 | 3,816 | ತಲಾ ಒಂದರಂತೆ 48, ಹಾಳಾದರೆ ಬದಲಿಗೆ 5. ಬಿಡಿಭಾಗಗಳ ದರ ಅನುಬಂಧದಲ್ಲಿದೆ |
| 9 ವೋಲ್ಟ್ ಬ್ಯಾಟರಿ | 25 | 24 | 600 | ಇಬ್ಬರಿಗೆ ಒಂದು, ಬೋರ್ಡ್ ಪರೀಕ್ಷಿಸಲು ಮಾತ್ರ |
| ಸೋಲ್ಡರಿಂಗ್ ಐರನ್, 25 ವ್ಯಾಟ್ | 260 | 15 | 3,900 | ಬೇಕಾದ್ದು 24. ಲ್ಯಾಬ್‌ನಲ್ಲಿ ಕೆಲಸ ಮಾಡುವವು 10. ಕೊರತೆ 14, ಹೆಚ್ಚುವರಿ 1. ಕಾರ್ಯಾಗಾರದ ನಂತರ ಲ್ಯಾಬ್ ಸ್ಟಾಕ್‌ಗೆ |
| ಐರನ್ ಸ್ಟ್ಯಾಂಡ್, ಸ್ಪಂಜ್ ಸಹಿತ | 90 | 15 | 1,350 | ಹೊಸ ಐರನ್‌ಗಳಿಗೆ ಮಾತ್ರ. ಹಳೆಯ 10ಕ್ಕೆ ಸ್ಟ್ಯಾಂಡ್ ಇದೆ |
| ಸೋಲ್ಡರ್ ತಂತಿ, 50 ಗ್ರಾಂ ಸುರುಳಿ | 180 | 5 | 900 | ಅಭ್ಯಾಸಕ್ಕೂ ಸೇರಿ ತಲಾ 5 ಗ್ರಾಂ, 240 ಗ್ರಾಂ |
| ಡಿಸೋಲ್ಡರಿಂಗ್ ಪಂಪ್ | 120 | 6 | 720 | ಎರಡು ಟೇಬಲ್‌ಗೆ ಒಂದು. ಲ್ಯಾಬ್ ಸ್ಟಾಕ್‌ಗೆ |
| ಕೈ ತೊಳೆಯುವ ಸೋಪು | 40 | 3 | 120 | ಸೋಲ್ಡರ್‌ನಲ್ಲಿ ಸೀಸ ಇರುವುದರಿಂದ ಊಟಕ್ಕೆ ಮುಂಚೆ ಎಲ್ಲರೂ ಕೈ ತೊಳೆಯಬೇಕು |
| ಟೀ, ಬಿಸ್ಕತ್ತು | 15 | 116 | 1,740 | 58 ಜನ, ಎರಡು ಹೊತ್ತು. ಕ್ಯಾಂಟೀನ್ ದರ |
| ಊಟ | 70 | 58 | 4,060 | 48 ವಿದ್ಯಾರ್ಥಿಗಳು, 10 ಸಿಬ್ಬಂದಿ ಮತ್ತು ಸ್ವಯಂಸೇವಕರು. ಕ್ಯಾಂಟೀನ್ ದರ |
| ಗೌರವಧನ | 2,000 | 1 | 2,000 | ಇಡೀ ದಿನದ ತರಬೇತಿ |
| ಅತಿಥಿಯ ಬಸ್ ಚಾರ್ಜ್ | 350 | 2 | 700 | ರಾಜಹಂಸ, ಹೋಗಿ ಬರಲು. ಟಿಕೆಟ್ ಲಗತ್ತಿಸಲಾಗುವುದು |
| ಬಟ್ಟೆ ಬ್ಯಾನರ್ | 40 | 32 | 1,280 | 8 ಅಡಿ × 4 ಅಡಿ, ಚದರಡಿ ದರ. ತಾರೀಖು ಹಾಕದೆ ಮಾಡಿಸಿ ಮುಂದಿನ ವರ್ಷವೂ ಬಳಸಲಾಗುವುದು |
| ಸರ್ಟಿಫಿಕೇಟ್ | 25 | 48 | 1,200 | ಭಾಗವಹಿಸಿದವರಿಗೆ ತಲಾ ಒಂದು |
| ಬೆಲೆ ಏರಿಕೆಗೆ ಮೀಸಲು | – | – | 565 | ಮೊದಲ ಆರು ಸಾಲಿನ ಮೊತ್ತ 11,286ರ 5% |
| ಒಟ್ಟು | | | 22,951 | |
| ನೋಂದಣಿ ಶುಲ್ಕದಿಂದ | 50 | 48 | 2,400 | |
| ಕೇಳುತ್ತಿರುವ ಮೊತ್ತ | | | 20,551 | |

ಈಗ ಒಂದೊಂದು ಸಾಲಿನ ಹಿಂದೆ ಏನಿತ್ತು ಅಂತ ಹೇಳುತ್ತೇನೆ. ಎಲ್ಲ ಸಾಲಿಗೂ ಕಥೆ ಇಲ್ಲ. ಕಿಟ್, ಐರನ್, ಸೋಲ್ಡರ್, ಬಸ್ ಚಾರ್ಜ್ ಇವಕ್ಕೆ ಇದೆ.

ಕಿಟ್ ಅನ್ನುವುದನ್ನು ಒಂದು ಯೂನಿಟ್ ಅಂತ ಹಿಡಿದದ್ದು ನನ್ನ ತೀರ್ಮಾನ. ಬಿಡಿಬಿಡಿಯಾಗಿ ಬರೆದಿದ್ದರೆ ಈ ಒಂದು ಸಾಲಿನ ಬದಲು ಹತ್ತು ಸಾಲು ಆಗುತ್ತಿತ್ತು: ಬೋರ್ಡ್, ಐಸಿ, ಸಾಕೆಟ್, ಎಲ್‌ಇಡಿ, ರೆಸಿಸ್ಟರ್... ಒಂದು ರೂಪಾಯಿಯ ರೆಸಿಸ್ಟರ್ 212 ಅಂತ ಪಟ್ಟಿಯಲ್ಲಿ ಕಂಡರೆ ಪ್ರಾಂಶುಪಾಲರು ಅಲ್ಲೇ ನಿಲ್ಲುತ್ತಾರೆ, ಇಷ್ಟೊಂದು ಯಾಕೆ ಅಂತ. ಕಿಟ್ 72 ರೂಪಾಯಿ, ತಲಾ ಒಂದು ಅಂದರೆ ಯಾರಿಗಾದರೂ ಅರ್ಥ ಆಗುತ್ತದೆ. ಆದರೆ ಆ 72 ಎಲ್ಲಿಂದ ಬಂತು ಅಂತ ಅನುಬಂಧದಲ್ಲಿ ಇರಲೇಬೇಕು. ನಮ್ಮದು ಹೀಗಿತ್ತು: ಜನರಲ್ ಪರ್ಪಸ್ ಬೋರ್ಡ್ 14, 555 ಐಸಿ 8, ಎಂಟು ಕಾಲಿನ ಸಾಕೆಟ್ 3, ಎಲ್‌ಇಡಿ ಎರಡಕ್ಕೆ 4, ರೆಸಿಸ್ಟರ್ ನಾಲ್ಕಕ್ಕೆ 4, ಕೆಪಾಸಿಟರ್ ಎರಡಕ್ಕೆ 4, ವೈರ್ 3, ಬ್ಯಾಟರಿ ಕನೆಕ್ಟರ್ 8, ಸ್ವಿಚ್ 5, ಎಲ್‌ಇಡಿ ಮಿನುಗುವ ವೇಗ ಬದಲಿಸುವ ಪಾಟ್ 8. ಒಟ್ಟು 61. ಅದಕ್ಕೆ 18% ಜಿಎಸ್‌ಟಿ ಸೇರಿ 71 ರೂಪಾಯಿ 98 ಪೈಸೆ, ಅಂದರೆ 72.

ಇಲ್ಲಿ ಎರಡು ವಿಷಯ. ಒಂದು, ದರದಲ್ಲಿ ಜಿಎಸ್‌ಟಿ ಸೇರಿದೆಯಾ ಇಲ್ಲವಾ ಅನ್ನುವುದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಫೋನ್ ಮಾಡಿ ಕೇಳಿದರೆ ಅಂಗಡಿಯವರು ಹೇಳುವುದು ಬಿಲ್ ಇಲ್ಲದ ದರ. ಬಿಲ್ ಬೇಕು ಅಂದ ತಕ್ಷಣ ‘ಹಾಗಾದ್ರೆ ಟ್ಯಾಕ್ಸ್ ಎಕ್ಸ್‌ಟ್ರಾ ಆಗುತ್ತೆ’ ಅನ್ನುತ್ತಾರೆ. ಕಾಲೇಜಿಗೆ ಬಿಲ್ ಇಲ್ಲದೆ ಆಗುವುದಿಲ್ಲ, ಹಾಗಾಗಿ ಫೋನ್‌ನಲ್ಲಿ ಮೊದಲ ಮಾತೇ ‘ಕಾಲೇಜ್ ಹೆಸರಿಗೆ ಜಿಎಸ್‌ಟಿ ಬಿಲ್ ಸಮೇತ ಎಷ್ಟು?’ ಅಂತ ಇರಬೇಕು. ಈ 18% ಬಿಟ್ಟುಹೋದರೆ ಇಡೀ ಪಟ್ಟಿಯ ಮೀಸಲು ಅದರಲ್ಲೇ ಮುಳುಗುತ್ತದೆ. ಇನ್ನೊಂದು, ಬಿಲ್‌ನಲ್ಲಿ ‘ಕಿಟ್’ ಅಂತ ಬರುವುದಿಲ್ಲ. ಬೋರ್ಡ್, ಐಸಿ, ರೆಸಿಸ್ಟರ್ ಅಂತಲೇ ಬರುತ್ತದೆ. ಪಟ್ಟಿಯಲ್ಲಿರುವ ಹೆಸರು ಬಿಲ್‌ನಲ್ಲಿ ಇಲ್ಲದಿದ್ದರೆ ಅಕೌಂಟ್ಸ್ ಸೆಕ್ಷನ್‌ನಲ್ಲಿ ಫೈಲ್ ನಿಲ್ಲುತ್ತದೆ. ಅನುಬಂಧ ಇದ್ದರೆ ಬಿಲ್‌ನ ಹತ್ತು ಸಾಲು, ಅನುಬಂಧದ ಹತ್ತು ಸಾಲು ಎರಡೂ ಅಕ್ಕಪಕ್ಕ ಇಟ್ಟು ಟಿಕ್ ಹಾಕಿಕೊಂಡು ಹೋಗುತ್ತಾರೆ.

ಹೆಚ್ಚುವರಿ ಐದು ಕಿಟ್ ಯಾಕೆ ಅಂತ ಎಚ್‌ಒಡಿ ಮೇಡಂ ಕೇಳಿದರು. ಕಲಿಯುವವರು ಐರನ್ ಜಾಸ್ತಿ ಹೊತ್ತು ಒತ್ತಿ ಹಿಡಿಯುತ್ತಾರೆ, ಬೋರ್ಡ್‌ನ ತಾಮ್ರದ ಬಿಲ್ಲೆ ಎದ್ದು ಬರುತ್ತದೆ, ಅದು ಮತ್ತೆ ಕೂರುವುದಿಲ್ಲ. ಐಸಿ ಸಾಕೆಟ್‌ನಲ್ಲಿ ಕೂರುವುದರಿಂದ ಸುಡುವುದಿಲ್ಲ, ಆದರೆ ಬೋರ್ಡ್ ಹೋಗುತ್ತದೆ. ಇಷ್ಟು ಹೇಳಿದ್ದಕ್ಕೆ ಅವರು, ‘ಹಾಗಿದ್ರೆ ಐದು ಕಿಟ್ ಯಾಕೆ ಕಣಯ್ಯಾ, ಐದು ಬೋರ್ಡ್ ಸಾಕಲ್ವಾ?’ ಅಂದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ: ಬೋರ್ಡ್ ಹಾಳಾದರೆ ಅದರ ಮೇಲೆ ಬೆಸುಗೆ ಹಾಕಿದ ಎಂಟು ಹತ್ತು ಬಿಡಿಭಾಗಗಳನ್ನು ಒಂದೊಂದಾಗಿ ಕಿತ್ತು ಇನ್ನೊಂದು ಬೋರ್ಡ್‌ಗೆ ಹಾಕುವಷ್ಟು ಹೊತ್ತು ಆ ಹುಡುಗನಿಗೆ ಇರುವುದಿಲ್ಲ, ಕಿತ್ತರೂ ಕಾಲು ಗಿಡ್ಡ ಆಗಿರುತ್ತದೆ. ಅವರು ಒಪ್ಪಿದರು. 10% ಅಂತಷ್ಟೇ ಬರೆದಿದ್ದರೆ ಇದು ಬರೀ ರೂಢಿಯ ಮಾತಾಗುತ್ತಿತ್ತು.

ಐರನ್ ವಿಷಯಕ್ಕೆ ಬಂದರೆ, ಪಟ್ಟಿಯಲ್ಲಿ ನನಗೆ ಜಾಸ್ತಿ ಉಪಯೋಗಕ್ಕೆ ಬಂದ ಸಾಲು ಅದೇ. ಲ್ಯಾಬ್ ಸ್ಟಾಕ್ ರಿಜಿಸ್ಟರ್‌ನಲ್ಲಿ 22 ಐರನ್ ಅಂತ ಇತ್ತು. ರಿಜಿಸ್ಟರ್ ನಂಬಿ ಎರಡೇ ಕೇಳಬಹುದಿತ್ತು. ಲ್ಯಾಬ್ ಅಸಿಸ್ಟೆಂಟ್ ಅಣ್ಣನ ಜೊತೆ ಕೂತು 22ನ್ನೂ ಪ್ಲಗ್‌ಗೆ ಹಾಕಿ ನೋಡಿದೆವು. ಐದು ನಿಮಿಷ ಬಿಟ್ಟು ತುದಿಗೆ ಸೋಲ್ಡರ್ ಮುಟ್ಟಿಸಿದರೆ ತಕ್ಷಣ ಕರಗಿ ತುದಿಗೆ ಹರಡಬೇಕು. ಕೆಲವು ಬಿಸಿಯೇ ಆಗಲಿಲ್ಲ. ಕೆಲವು ಬಿಸಿಯಾದವು, ಆದರೆ ತುದಿ ಕಪ್ಪಾಗಿ ಸವೆದು ಸೋಲ್ಡರ್ ಹಿಡಿಯದೆ ಗುಂಡಾಗಿ ಉರುಳಿ ಬೀಳುತ್ತಿತ್ತು. ಒಂದೆರಡರ ವೈರ್ ಸುಟ್ಟಿತ್ತು, ಅವನ್ನು ಮುಟ್ಟುವುದೇ ಅಪಾಯ. ಪಾಸಾದವು 10. ಆ ಪರೀಕ್ಷೆಯ ಚೀಟಿಗೆ ಲ್ಯಾಬ್ ಅಸಿಸ್ಟೆಂಟ್ ಸಹಿ ಹಾಕಿಸಿ ಲಗತ್ತಿಸಿದೆ. ‘ಲ್ಯಾಬ್‌ನಲ್ಲಿ ಇದೆಯಲ್ಲ?’ ಅನ್ನುವ ಪ್ರಶ್ನೆ ಎಲ್ಲ ಕಾಲೇಜಿನಲ್ಲೂ ಬರುತ್ತದೆ, ಅದಕ್ಕೆ ಬಾಯಿಮಾತಿನ ಉತ್ತರ ನಡೆಯುವುದಿಲ್ಲ. ತುದಿ ಸವೆದವಕ್ಕೆ ಹೊಸ ತುದಿ ಹಾಕಿದರೆ ಆಗುತ್ತಿತ್ತಲ್ಲ ಅಂತ ನೀವು ಕೇಳಬಹುದು. ಆಗುತ್ತಿತ್ತು, ಆದರೆ ಅವು ಬೇರೆ ಬೇರೆ ವರ್ಷ ಬೇರೆ ಬೇರೆ ಕಂಪನಿಯಿಂದ ತಂದವು, ತುದಿಯ ದಪ್ಪ ಒಂದೊಂದಕ್ಕೆ ಒಂದೊಂದು.

ಐರನ್, ಸ್ಟ್ಯಾಂಡ್, ಪಂಪ್ ಇವು ಒಂದು ದಿನಕ್ಕೆ ಮುಗಿಯುವ ಸಾಮಾನಲ್ಲ. ಕಿಟ್, ಸೋಲ್ಡರ್, ಊಟ ಮುಗಿದುಹೋಗುತ್ತವೆ. ಈ ವ್ಯತ್ಯಾಸ ಅಕೌಂಟ್ಸ್‌ನವರಿಗೆ ತುಂಬಾ ಮುಖ್ಯ. ಉಳಿಯುವ ಸಾಮಾನು ಸ್ಟಾಕ್ ರಿಜಿಸ್ಟರ್‌ಗೆ ಏರಬೇಕು, ಬಿಲ್‌ನ ಹಿಂದೆ ರಿಜಿಸ್ಟರ್‌ನ ಪುಟ ಸಂಖ್ಯೆ ಬರೆಯಬೇಕು, ಇಲ್ಲದಿದ್ದರೆ ಬಿಲ್ ಪಾಸ್ ಆಗುವುದಿಲ್ಲ. ನಾನು ಜಸ್ಟಿಫಿಕೇಶನ್‌ನಲ್ಲೇ ‘ಲ್ಯಾಬ್ ಸ್ಟಾಕ್‌ಗೆ’ ಅಂತ ಹಾಕಿದ್ದು ಅದಕ್ಕೆ. ಎಚ್‌ಒಡಿಗೂ ಅದು ಹಿಡಿಸಿತು, ಕ್ಲಬ್ ದುಡ್ಡಿನಲ್ಲಿ ಡಿಪಾರ್ಟ್‌ಮೆಂಟ್‌ಗೆ 15 ಐರನ್ ಬರುತ್ತದೆ ಅಂದರೆ ಯಾರಿಗೆ ಬೇಡ!

ದರ 260 ಯಾಕೆ ಅನ್ನುವುದಕ್ಕೆ ಮೂರು ಕೊಟೇಶನ್ ಇಟ್ಟಿದ್ದೆ, ಎರಡು ಎಸ್‌ಪಿ ರೋಡ್‌ನವು, ಒಂದು ಹಾಸನದ್ದು. ಮೂರರಲ್ಲಿ 260 ಮಧ್ಯದ ದರ. ಕಡಿಮೆ ಇದ್ದದ್ದಕ್ಕೆ ಮೂರು ಪಿನ್‌ನ ಪ್ಲಗ್ ಇರಲಿಲ್ಲ, ಅರ್ಥಿಂಗ್ ಇಲ್ಲ. ಮೊದಲ ಸಲ ಐರನ್ ಹಿಡಿಯುವ 48 ಜನರ ಕೈಗೆ ಅದನ್ನು ಕೊಡುವ ಧೈರ್ಯ ನನಗಿರಲಿಲ್ಲ. ಕೊಟೇಶನ್ ಮೇಲೆ ಪೆನ್‌ನಲ್ಲಿ ‘ಅರ್ಥಿಂಗ್ ಇಲ್ಲ’ ಅಂತ ಬರೆದು ಗೆರೆ ಹಾಕಿದೆ. ಕಡಿಮೆ ದರದ್ದು ಬಿಟ್ಟಾಗ ಕಾರಣ ಕೊಟೇಶನ್ ಮೇಲೆಯೇ ಇರಲಿ. ಆಡಿಟ್‌ನವರು ನೋಡುವುದು ಆ ಕಾಗದವನ್ನು, ನಮ್ಮ ಪ್ರಪೋಸಲ್ ಅಲ್ಲ.

ಸೋಲ್ಡರ್ ತಂತಿ ಲೆಕ್ಕ ಹಾಕುವುದು ಸ್ವಲ್ಪ ವಿಚಿತ್ರ. ಅದು ತೂಕದಲ್ಲಿ ಸಿಗುತ್ತದೆ, ನಮಗೆ ಬೇಕಾಗುವುದು ಜನದ ಲೆಕ್ಕದಲ್ಲಿ. ನಾನು ಒಂದು ಕಿಟ್ ಪೂರ್ತಿ ಬೆಸುಗೆ ಹಾಕಿ, ಮುಂಚೆ ಮತ್ತು ಆಮೇಲೆ ಸುರುಳಿಯನ್ನು ಕೆಮಿಸ್ಟ್ರಿ ಲ್ಯಾಬ್‌ನ ತಕ್ಕಡಿಯಲ್ಲಿ ತೂಗಿ ನೋಡಿದೆ. ಎರಡು ಗ್ರಾಂ ಕೂಡ ಆಗಲಿಲ್ಲ. ಹೊಸಬರು ಎರಡರಷ್ಟು ಸುರಿಯುತ್ತಾರೆ, ಅದಕ್ಕೂ ಮುಂಚೆ ಖಾಲಿ ಬೋರ್ಡ್ ಮೇಲೆ ಅಭ್ಯಾಸ ಇದೆ, ಹಾಗಾಗಿ ತಲಾ 5 ಗ್ರಾಂ. 48 ಜನಕ್ಕೆ 240 ಗ್ರಾಂ, 50 ಗ್ರಾಂನ ಐದು ಸುರುಳಿ. ಆದರೆ ಐದು ಸುರುಳಿ 12 ಟೇಬಲ್‌ಗೆ ಹೇಗೆ ಹಂಚುವುದು? ಟೇಬಲ್‌ಗೆ ಒಂದು ಸುರುಳಿ ಅಂತ ಹಿಡಿದರೆ 12 ಬೇಕು, 2,160 ರೂಪಾಯಿ ಆಗುತ್ತದೆ, ಅರ್ಧಕ್ಕಿಂತ ಜಾಸ್ತಿ ಮಿಕ್ಕುತ್ತದೆ. ನಾವು ಹಿಂದಿನ ದಿನ ಸಂಜೆ ತಂತಿಯನ್ನು ತುಂಡು ಮಾಡಿ ಹಳೇ ಪೆನ್ ರೀಫಿಲ್‌ಗೆ ಸುತ್ತಿ ಒಬ್ಬೊಬ್ಬರಿಗೆ ಒಂದೊಂದು ಮಾಡಿಟ್ಟೆವು. ಖರ್ಚಿಲ್ಲದ ಕೆಲಸ, ಉಳಿದದ್ದು 1,260 ರೂಪಾಯಿ. ವಸ್ತು ಯಾವ ಅಳತೆಯಲ್ಲಿ ಮಾರಾಟ ಆಗುತ್ತದೆ, ಯಾವ ಅಳತೆಯಲ್ಲಿ ಖರ್ಚಾಗುತ್ತದೆ ಅಂತ ಎರಡನ್ನೂ ನೋಡಿದರೆ ಮಾತ್ರ ಇಂಥದ್ದು ಕಾಣುವುದು. ಬ್ಯಾನರ್‌ನದ್ದೂ ಅಷ್ಟೇ: ‘ಬ್ಯಾನರ್ 1, ದರ 1,280’ ಅಂತ ಬರೆದರೆ ದುಬಾರಿ ಅನಿಸುತ್ತದೆ, ಕಡಿಮೆ ಮಾಡು ಅಂದರೆ ಹೇಗೆ ಅಂತ ಗೊತ್ತಾಗುವುದಿಲ್ಲ. ಚದರಡಿಗೆ 40, ಒಟ್ಟು 32 ಚದರಡಿ ಅಂದರೆ ಎಲ್ಲಿ ಕತ್ತರಿಸಬೇಕು ಅಂತ ಸಂಖ್ಯೆಯೇ ಹೇಳುತ್ತದೆ. (ಫ್ಲೆಕ್ಸ್ ಅಗ್ಗ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ನಮ್ಮ ರಾಜ್ಯದಲ್ಲಿ 2016ರಿಂದಲೇ ನಿಷೇಧ ಇದೆ ಅಂದರೆ ಮಾತು ಮುಗಿಯಿತು.)

ಬಸ್ ಚಾರ್ಜ್ ಸಾಲು ನೋಡಿ ಅಕೌಂಟ್ಸ್‌ನ ಸರ್ ನಕ್ಕರು. ನಮ್ಮ ಅತಿಥಿ ಕಾಲೇಜಿನ ಹಳೇ ವಿದ್ಯಾರ್ಥಿನಿ, ಬೆಂಗಳೂರಿನಲ್ಲಿ ಕೆಲಸ. ‘ಹೆಣ್ಮಕ್ಕಳಿಗೆ ಬಸ್ ಫ್ರೀ ಅಲ್ವೇನಪ್ಪಾ, 700 ಯಾಕೆ?’ 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದು ನಿಜ, ಆದರೆ ಅದು ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್‌ಗಳಿಗೆ. ರಾಜಹಂಸ, ಐರಾವತ ಇಂಥವಕ್ಕೆ ಇಲ್ಲ. ‘ಸರ್, ಬೆಳಗಾಗುವ ಮುಂಚೆ ಹೊರಟು, ಬಂದು ಇಡೀ ದಿನ ನಿಂತು ಪಾಠ ಮಾಡಿ, ರಾತ್ರಿ ವಾಪಸ್ ಹೋಗ್ತಾರೆ. ಸೀಟ್ ಬುಕ್ ಆಗಿರಬೇಕು’ ಅಂದೆ. ಅವರು ತಕರಾರು ಮಾಡಲಿಲ್ಲ, ಟಿಕೆಟ್ ಮಾತ್ರ ತಪ್ಪದೇ ಕೊಡು ಅಂದರು. ಗೌರವಧನ 2,000 ಅನ್ನುವುದು ಕಾಲೇಜು ಮೊದಲೇ ಗೊತ್ತು ಮಾಡಿಟ್ಟಿದ್ದ ದರ. ಅಂಥ ಕಡೆ ಚೌಕಾಸಿಗೆ ಜಾಗ ಇಲ್ಲ, ಜಸ್ಟಿಫಿಕೇಶನ್ ಉದ್ದ ಬರೆಯುವ ಅಗತ್ಯವೂ ಇಲ್ಲ.

ಮೀಸಲು ಹಣದ ಬಗ್ಗೆ ಒಂದು ಮಾತು. ‘ಇತರೆ ಖರ್ಚು 2,000’ ಅಂತ ಹಾಕಿದರೆ ಮೊದಲ ಕೆಂಪು ಗೆರೆ ಬೀಳುವುದು ಅದಕ್ಕೇ. ಸಹಿ ಹಾಕುವವರ ಕಣ್ಣಿಗೆ ಅದು ಹುಡುಗರ ಬಿರಿಯಾನಿ ದುಡ್ಡು. ನಾನು ಇತರೆ ಅನ್ನುವ ಪದವನ್ನೇ ಬಳಸಲಿಲ್ಲ. ಯಾವ ಸಾಲುಗಳ ಬೆಲೆ ಬದಲಾಗಬಹುದು ಅಂತ ನೋಡಿದೆ. ಕ್ಯಾಂಟೀನ್ ದರ ಬೋರ್ಡ್ ಮೇಲಿದೆ, ಗೌರವಧನ ನಿಗದಿ. ಮಾರುಕಟ್ಟೆಯಿಂದ ತರುವ ಮೊದಲ ಆರು ಸಾಲು ಮಾತ್ರ ಏರುಪೇರಾಗಬಹುದು. ಅವುಗಳ ಮೊತ್ತ 11,286, ಅದರ 5% ಅನ್ನು ಮುಂದಿನ ರೂಪಾಯಿಗೆ ಏರಿಸಿದರೆ 565. ಎಲ್ಲಿ ಖರ್ಚಾಗಬಹುದು ಅಂತ ಹೇಳಿ ಕೇಳಿದ 565ಕ್ಕೆ ಯಾರೂ ಗೆರೆ ಹಾಕಲಿಲ್ಲ.

ಇಷ್ಟೆಲ್ಲ ಆದಮೇಲೆ ಪ್ರಾಂಶುಪಾಲರು ಹೇಳಿದ್ದು: ‘ಎಲ್ಲಾ ಸರಿ ಇದೆ, ಆದ್ರೆ 18,000ಕ್ಕಿಂತ ಜಾಸ್ತಿ ಆಗಲ್ಲ. ಬೇರೆ ಕ್ಲಬ್‌ಗಳೂ ಇವೆ.’

20,551ರಿಂದ 18,000ಕ್ಕೆ ಇಳಿಸಬೇಕು, ಅಂದರೆ 2,551 ಹೋಗಬೇಕು. ಇಂಥ ಹೊತ್ತಿನಲ್ಲಿ ಸಾಮಾನ್ಯವಾಗಿ ಎಲ್ಲ ಸಾಲಿನಿಂದ ಸ್ವಲ್ಪ ಸ್ವಲ್ಪ ಚಿವುಟುತ್ತಾರೆ. ಊಟ 70 ಇದ್ದದ್ದು 60, ಐರನ್ 15 ಇದ್ದದ್ದು 13. ಹಾಗೆ ಮಾಡಿದರೆ ಪಟ್ಟಿ ಸುಳ್ಳಾಗುತ್ತದೆ. ಕ್ಯಾಂಟೀನ್‌ನವರು 60ಕ್ಕೆ ಊಟ ಕೊಡುವುದಿಲ್ಲ, 13 ಐರನ್ ತಂದರೆ ಒಂದು ಜೋಡಿ ಬರೀ ನೋಡುತ್ತಾ ಕೂರಬೇಕು. ಕೊನೆಗೆ ಆ ದುಡ್ಡು ನಮ್ಮ ಜೇಬಿನಿಂದ ಹೋಗುತ್ತದೆ.

ಶೀಟ್ ಉಪಯೋಗಕ್ಕೆ ಬಂದದ್ದು ಇಲ್ಲಿ. ಮೊದಲು B1ರಲ್ಲಿ 12 ಇದ್ದದ್ದನ್ನು 11 ಮಾಡಿ ನೋಡಿದೆ. ನಾಲ್ಕು ಜನ ಕಡಿಮೆಯಾದರೆ ಎಷ್ಟು ಉಳಿಯುತ್ತದೆ? ಕಿಟ್ ನಾಲ್ಕು, ಬ್ಯಾಟರಿ ಎರಡು, ಐರನ್ ಮತ್ತು ಸ್ಟ್ಯಾಂಡ್ ಎರಡೆರಡು ಇಳಿದವು. ಸೋಲ್ಡರ್ ಸುರುಳಿ ಐದೇ ಉಳಿಯಿತು, ಪಂಪ್ ಆರೇ ಉಳಿಯಿತು. ಬ್ಯಾನರ್, ಗೌರವಧನ, ಬಸ್ ಚಾರ್ಜ್ ಅಲುಗಾಡಲಿಲ್ಲ. ನೋಂದಣಿ ಶುಲ್ಕ 200 ಕಳೆದುಕೊಂಡೆವು. ನಿವ್ವಳ ಉಳಿದದ್ದು 1,390. ಅಂದರೆ 18,000ಕ್ಕೆ ಬರಲು ಎರಡು ಟೇಬಲ್ ಬಿಡಬೇಕು, ಎಂಟು ಹುಡುಗರನ್ನು ವಾಪಸ್ ಕಳಿಸಬೇಕು. ಅದರಲ್ಲೂ ಉಳಿತಾಯದ ಅರ್ಧದಷ್ಟು ಐರನ್, ಸ್ಟ್ಯಾಂಡ್‌ನದ್ದು, ಅಂದರೆ ಮುಂದಿನ ವರ್ಷವೂ ಲ್ಯಾಬ್‌ನಲ್ಲಿ ಇರಬೇಕಾದ ಸಾಮಾನು. ಜನರನ್ನು ಕಡಿಮೆ ಮಾಡುವುದು ಕೆಟ್ಟ ವ್ಯಾಪಾರ ಅಂತ ಅಲ್ಲೇ ಗೊತ್ತಾಯಿತು.

ಆಮೇಲೆ ಕಲಿಕೆಗೆ ಸಂಬಂಧ ಇಲ್ಲದ ಸಾಲುಗಳನ್ನು ನೋಡಿದೆ. ಮುದ್ರಿಸಿದ ಸರ್ಟಿಫಿಕೇಟ್ ಪೂರ್ತಿ ತೆಗೆದು ಪಿಡಿಎಫ್ ಮಾಡಿ ಮೇಲ್ ಮಾಡುವುದು ಅಂತ ತೀರ್ಮಾನ, 1,200 ಉಳಿಯಿತು. ರೆಸ್ಯೂಮೆಗೆ ಹಾಕುವವರಿಗೆ ಪಿಡಿಎಫ್ ಸಾಕು. ಬ್ಯಾನರ್ 8×4 ಇದ್ದದ್ದು 6×4 ಆಯಿತು, 24 ಚದರಡಿ, 320 ಉಳಿಯಿತು. ಇನ್ನೂ ಸಾವಿರದ ಚಿಲ್ಲರೆ ಬೇಕಿತ್ತು. ನೋಂದಣಿ ಶುಲ್ಕ 50 ಇದ್ದದ್ದನ್ನು 75 ಮಾಡಿದೆ, 1,200 ಬಂತು. ಇದಕ್ಕೆ ಕ್ಲಬ್‌ನಲ್ಲಿ ಜಗಳವೇ ಆಯಿತು, ಫಸ್ಟ್ ಇಯರ್‌ನವರು ಕೊಡಲ್ಲ ಅಂತ. ಊಟವೇ 70 ರೂಪಾಯಿಯದ್ದು, ಮನೆಗೆ ತೆಗೆದುಕೊಂಡು ಹೋಗುವ ಬೋರ್ಡ್ 72ರದ್ದು, ಈ ಎರಡು ಸಾಲನ್ನು ಪೋಸ್ಟರ್ ಮೇಲೆ ಹಾಕಿ ಅಂದೆ. ಪಟ್ಟಿಯ ದರ ಕಾಲಂ ಪ್ರಚಾರಕ್ಕೂ ಆಯಿತು. ಸೀಟ್ ತುಂಬಿದವು.

ಮೂರೂ ಸೇರಿ 2,720. ಹೊಸ ಒಟ್ಟು ಖರ್ಚು 21,431, ಶುಲ್ಕ 3,600, ಕೇಳಿದ್ದು 17,831. ಪರಿಷ್ಕೃತ ಪಟ್ಟಿ ಕೊಡುವಾಗ ಹಳೆಯದನ್ನು ಮುಚ್ಚಿಡಲಿಲ್ಲ. ಬದಲಾದ ಮೂರು ಸಾಲಿನ ಎದುರು ‘ಮೊದಲು ಇಷ್ಟು, ಈಗ ಇಷ್ಟು, ಯಾಕೆ’ ಅಂತ ಬರೆದು ಎರಡನ್ನೂ ಒಟ್ಟಿಗೆ ಕೊಟ್ಟೆ. ಪ್ರಾಂಶುಪಾಲರು ಮೂರು ಸಾಲು ಮಾತ್ರ ಓದಿ ಸಹಿ ಹಾಕಿದರು.

ಕಾರ್ಯಕ್ರಮ ಮುಗಿದ ಮೇಲೆ ಅದೇ ಪಟ್ಟಿಗೆ ಇನ್ನೊಂದು ಕಾಲಂ ಸೇರಿಸಿದೆ, ನಿಜವಾದ ಖರ್ಚು ಅಂತ. ಐರನ್ ತರಲು ಹೋದಾಗ 260 ಇದ್ದದ್ದು 275 ಆಗಿತ್ತು, ಕೊಟೇಶನ್‌ನ ಅವಧಿ ಮುಗಿದಿತ್ತು. 15ಕ್ಕೆ 225 ಜಾಸ್ತಿ, ಮೀಸಲಿನಿಂದ ಹೋಯಿತು, 340 ಉಳಿಯಿತು. ಹೊಸ ಐರನ್‌ನಲ್ಲಿ ಒಂದು ಮಧ್ಯಾಹ್ನದ ಹೊತ್ತಿಗೆ ಕೈಕೊಟ್ಟಿತು, ಹೆಚ್ಚುವರಿ ಇದ್ದದ್ದು ಅಲ್ಲಿಗೆ ಹೋಯಿತು. ನೋಂದಣಿ ಮಾಡಿದವರಲ್ಲಿ ಮೂವರು ಬರಲಿಲ್ಲ. ಬೆಳಗ್ಗೆ ಟೀ ಹೊತ್ತಿಗೆ ತಲೆ ಎಣಿಸಿ ಕ್ಯಾಂಟೀನ್‌ಗೆ 55 ಊಟ ಅಂತ ಹೇಳಿದ್ದರಿಂದ 210 ಉಳಿಯಿತು. ಊಟದ ಸಂಖ್ಯೆಯನ್ನು ಅದೇ ದಿನ ಬೆಳಗ್ಗೆ ಬದಲಿಸಲು ಬಿಡುತ್ತಾರಾ ಅಂತ ಕ್ಯಾಂಟೀನ್‌ನವರನ್ನು ಮೊದಲೇ ಕೇಳಿಟ್ಟುಕೊಳ್ಳಿ, ಹೊರಗಿನ ಕೇಟರಿಂಗ್ ಆದರೆ ಸಾಮಾನ್ಯವಾಗಿ ಬಿಡುವುದಿಲ್ಲ. ಸೋಲ್ಡರ್ ಐದನೇ ಸುರುಳಿಯಲ್ಲಿ ಮುಕ್ಕಾಲು ಭಾಗ ಮಿಕ್ಕಿತು, ತಲಾ 5 ಗ್ರಾಂ ಸ್ವಲ್ಪ ಜಾಸ್ತಿಯೇ, ನಾಲ್ಕೂಮುಕ್ಕಾಲು ಹಾಕಿದರೂ ಸಾಕು.

ಮಿಕ್ಕ ದುಡ್ಡು ವಾಪಸ್ ಕಟ್ಟಿ ರಸೀದಿ ತೆಗೆದುಕೊಂಡೆ. ಶೀಟ್ ಅನ್ನು ಮುಂದಿನ ಕಾರ್ಯದರ್ಶಿಗೆ ಕೊಡುವಾಗ ಹೇಳಿದ್ದು ಇಷ್ಟೇ: ಐರನ್ ಸಾಲಿನಲ್ಲಿ ಮೈನಸ್ 10 ಅಂತ ಇದೆಯಲ್ಲ, ಈ ಸಲ ಎಲ್ಲವನ್ನೂ ಮತ್ತೆ ಪ್ಲಗ್‌ಗೆ ಹಾಕಿ ನೋಡಿ ಆ ಸಂಖ್ಯೆ ಬದಲಿಸು. 24 ಇರಬೇಕು. ಎಷ್ಟಿದೆಯೋ ಅದನ್ನು ಹಾಕು, ರಿಜಿಸ್ಟರ್ ನೋಡಿ ಹಾಕಬೇಡ.